ಬಚ್ಚಲುಮನೆ ಒಡೆಯುವ ಮೊದಲು ಟೇಪು ಹಿಡಿಯಿರಿ

ವಿಜಯಪುರದ ಹಳೆ ಓಣಿಗಳಲ್ಲಿ ಹಂಡೆ ಒಲೆ ಇದ್ದ ಬಚ್ಚಲನ್ನು ಕಮೋಡ್ ಇರುವ ಬಾತ್‌ರೂಮ್ ಮಾಡಿಸುವವರು ಬಹಳ. ಒಡೆಯಲು ಶುರು ಮಾಡುವ ಒಂದು ವಾರ ಮೊದಲೇ ಆರ್ಕಿಟೆಕ್ಟ್ ಮತ್ತು ಗುತ್ತಿಗೆದಾರ ಇಬ್ಬರನ್ನೂ ಒಂದೇ ಹೊತ್ತಿಗೆ ಮನೆಗೆ ಕರೆಸಿರಿ. ಬೇರೆ ಬೇರೆ ಬಂದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ನಿಮ್ಮ ತಲೆಗೆ ಬರುತ್ತದೆ, ತಪ್ಪಾದಾಗ ಇಬ್ಬರೂ ನಿಮ್ಮತ್ತ ಬೆರಳು ಮಾಡುತ್ತಾರೆ. ಅಮಾವಾಸ್ಯೆ ಎಲ್ಲರಿಗೂ ಬಿಡುವಿನ ದಿನ ಅಂತ ಅನಿಸುತ್ತದೆ. ಆದರೆ ಅವತ್ತು ನಮ್ಮ ಕಡೆ ಗೌಂಡಿಗಳು ಕೆಲಸ ಬಿಡುತ್ತಾರೆ, ಕೈಯಲ್ಲಿ ಕೆಲಸ ಮಾಡುವವನೇ ಇಲ್ಲದ ಭೇಟಿಯಿಂದ ಉಪಯೋಗ ಕಡಿಮೆ. ಬೆಳಿಗ್ಗೆ ಎಂಟರ ಸುಮಾರು ಸರಿ. ಕೊನೆಯ ಅರ್ಧ ಗಂಟೆಗೆ ಪ್ಲಂಬರ್‌ನೂ ಬರಲಿ. ಟಾಕಿಯಲ್ಲಿ ನೀರಿರಲಿ, ಹಳೆ ಮೋರಿಗೆ ಎರಡು ಕೊಡ ಸುರಿದು ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಾರೆ ನೋಡಬೇಕು.

ಮೊದಲು ನೋಡಬೇಕಾದದ್ದು ಟೈಲ್ಸ್ ಬಣ್ಣವಲ್ಲ, ಮಟ್ಟ. ಮಟ್ಟ ನೋಡುವ ನೀರು ತುಂಬಿದ ಪೈಪು ಹಿಡಿದು ಪಡಸಾಲೆ, ಬಚ್ಚಲು, ಹಿತ್ತಲ ಚೇಂಬರ್ ಈ ಮೂರೂ ಕಡೆ ಗೋಡೆಯ ಮೇಲೆ ಒಂದೇ ಮಟ್ಟದ ಗೆರೆ ಎಳೆಸಿರಿ, ಅಲ್ಲಿಂದ ಕೆಳಗೆ ಅಳೆಯಿರಿ. ಪಡಸಾಲೆಯ ನೆಲ ಗೆರೆಯಿಂದ 36 ಇಂಚು ಕೆಳಗೆ ಇದೆ ಅನ್ನಿ. ಬಚ್ಚಲಿನ ಹೊಸ ನೆಲ ಅದಕ್ಕಿಂತ ಒಂದೂವರೆ ಇಂಚು ತಗ್ಗು, ಅಂದರೆ 37½. ಕಮೋಡಿನಿಂದ ಚೇಂಬರಿಗೆ 20 ಅಡಿ ದೂರವಿದ್ದು, ಪೈಪಿಗೆ ಅರವತ್ತಕ್ಕೆ ಒಂದರ ಇಳಿಜಾರು ಕೊಟ್ಟರೆ 4 ಇಂಚು ಇಳಿಯಬೇಕು. ಚೇಂಬರಿಗೆ ಪೈಪು ಸೇರುವಲ್ಲಿ ಪೈಪಿನ ತಳ 52 ಇಂಚಿನಲ್ಲಿದ್ದರೆ ಕಮೋಡಿನ ಕೆಳಗೆ ತಳ 48ಕ್ಕೆ ಬರುತ್ತದೆ, ನೆಲದಿಂದ ಹತ್ತೂವರೆ ಇಂಚು ಕೆಳಗೆ. ಇಷ್ಟಿದ್ದರೆ ಬೆಂಡ್ ಕೂರುತ್ತದೆ. ಅದೇ ಚೇಂಬರ್ ಮೇಲಿದ್ದು ಅಲ್ಲಿ ತಳ 46ಕ್ಕೇ ಸಿಕ್ಕರೆ ಕಮೋಡಿನ ಕೆಳಗೆ ತಳ 42ಕ್ಕೆ ಬಂದು ನೆಲದಿಂದ ಉಳಿಯುವುದು ನಾಲ್ಕೂವರೆ ಇಂಚು ಮಾತ್ರ, ಅಷ್ಟು ನಾಲ್ಕಿಂಚಿನ ಪೈಪಿಗೇ ಹೋಗುತ್ತದೆ. ಆಗ ಕಮೋಡನ್ನು ಚೇಂಬರ್ ಕಡೆ ಸರಿಸುವುದೋ, ಬಚ್ಚಲಿನ ನೆಲ ಒಂದು ಮೆಟ್ಟಿಲು ಎತ್ತರಿಸುವುದೋ ಅಲ್ಲೇ ನಿಂತು ತೀರ್ಮಾನವಾಗಬೇಕು. ಮನೆಯಲ್ಲಿ ಮೊಣಕಾಲು ನೋವಿನವರಿದ್ದರೆ ಸರಿಸುವುದೇ ಲೇಸು. ಇದನ್ನು ಬಿಟ್ಟು "ಆಮೇಲೆ ನೋಡೋಣು ತಗೋರಿ" ಎನ್ನುವ ಗುತ್ತಿಗೆದಾರ ಕೊನೆಗೆ ಇಳಿಜಾರನ್ನೇ ಕಡಿಮೆ ಮಾಡುತ್ತಾನೆ, ಪೈಪು ಮತ್ತೆ ಮತ್ತೆ ಕಟ್ಟಿಕೊಳ್ಳುವುದು ಅದರಿಂದಲೇ.

ಎರಡನೆಯದು ಗೋಡೆ. ಹಳೆ ಮನೆಯ ಕಲ್ಲಿನ ಗೋಡೆ ಒಂದೂವರೆ ಎರಡು ಅಡಿ ದಪ್ಪ, ಒಳಗೆ ಮಣ್ಣಿನ ಗಾರೆ. ಪೈಪಿಗೆಂದು ಅಡ್ಡಲಾಗಿ ಕೊರೆದರೆ ಕಲ್ಲು ಸಡಿಲಾಗುತ್ತವೆ. ಹಾಗಾಗಿ ಕಮೋಡಿನ ಹಿಂದೆ ಇಟ್ಟಿಗೆಯ ತೆಳು ಗೋಡೆ ಕಟ್ಟಿ ಅದರೊಳಗೆ ಪೈಪು ಹಾಯಿಸಬೇಕು, ಅದು ಐದಿಂಚು ತಿನ್ನುತ್ತದೆ. ಕೋಣೆಯ ಉದ್ದ 78 ಇಂಚು ಅನ್ನಿ. ಎರಡೂ ಕಡೆ ಪ್ಲಾಸ್ಟರ್ ಮತ್ತು ಟೈಲ್ಸ್ ಒಂದೂವರೆ ಇಂಚಿನಂತೆ ಮೂರು, ತೆಳು ಗೋಡೆ ಐದು ಹೋದರೆ 70 ಉಳಿಯಿತು. ಕಮೋಡ್ 28 ಇಂಚು ಮುಂದೆ ಚಾಚುತ್ತದೆ. ಉಳಿದ 42ರಲ್ಲಿ 30 ಇಂಚಿನ ಬಾಗಿಲು ಒಳಗೆ ತೆರೆದರೆ ಮಧ್ಯೆ ಉಳಿಯುವುದು ಒಂದಡಿ ಮಾತ್ರ, ಬಾಗಿಲು ಹೊರಗೇ ತೆರೆಯಬೇಕು. ಉದ್ದಗಲಗಳನ್ನು ನೆಲದಲ್ಲಿ, ಸೊಂಟದ ಎತ್ತರದಲ್ಲಿ, ತಲೆಯ ಮೇಲೆ, ಹೀಗೆ ಮೂರು ಕಡೆ ಅಳೆದು ಸಣ್ಣದನ್ನೇ ಹಿಡಿಯಿರಿ. ಹಳೆ ಗೋಡೆ ಓಲುವುದು ಸಹಜ.

ಕಮೋಡಿನ ಮಾಡೆಲ್ ಈ ಭೇಟಿಗಿಂತ ಮೊದಲೇ ಆರಿಸಿರಬೇಕು, ಏಕೆಂದರೆ ಗೋಡೆಯಿಂದ ಪೈಪಿನ ಮಧ್ಯಕ್ಕೆ ಎಷ್ಟು ಎನ್ನುವುದು ಮಾಡೆಲ್ ಮೇಲೆ ಹೋಗುತ್ತದೆ. ಒಂಬತ್ತು ಇಂಚಿನದಾದರೆ ಆ ಒಂಬತ್ತು ಟೈಲ್ಸ್ ಮುಖದಿಂದ. ಗೌಂಡಿ ಪ್ಲಾಸ್ಟರ್ ಆಗದ ಬರಿ ತೆಳು ಗೋಡೆಯಿಂದ ಅಳೆದು ಪೈಪು ನಿಲ್ಲಿಸಿದರೆ ಕೊನೆಗೆ ಏಳೂವರೆ ಉಳಿಯುತ್ತದೆ, ಕಮೋಡ್ ಕೂರುವುದೇ ಇಲ್ಲ. ಬರಿ ಗೋಡೆಯಿಂದ ಹತ್ತೂವರೆ ಬಿಡಬೇಕು ಅಂತ ಸುಣ್ಣದಲ್ಲಿ ಬರೆಸಿರಿ. ಪಕ್ಕದ ಗೋಡೆಗೂ ಕಮೋಡಿನ ಮಧ್ಯಕ್ಕೂ 15 ಇಂಚಾದರೂ ಇರಲಿ.

ಹಂಡೆ ಇರಬೇಕೋ, ಸೋಲಾರೋ, ಗೀಜರೋ ಎನ್ನುವುದನ್ನು ಮನೆಮಂದಿ ಮೊದಲೇ ಮಾತಾಡಿಕೊಳ್ಳಿ. ಗೌಂಡಿಯ ಎದುರು ಜಗಳ ಬೇಡ. ಇಂಥ ತೀರ್ಮಾನಗಳ ಪಟ್ಟಿ ಎರಡು ದಿನ ಮೊದಲೇ ಇಬ್ಬರಿಗೂ ವಾಟ್ಸಾಪ್ ಮಾಡಿರಿ. ಭೇಟಿ ಮುಗಿದ ಮೇಲೆ ಅಳತೆಗಳನ್ನು ಒಂದೇ ವಹಿಯಲ್ಲಿ ಬರೆದು ಮೂವರೂ ಸಹಿ ಹಾಕಿರಿ, ಟೇಪು ಹಿಡಿದಿರುವ ಫೋಟೋ ತೆಗೆದಿಡಿ. ಮುಗಿಯದೆ ಉಳಿದ ಪ್ರತಿ ಮಾತಿನ ಮುಂದೆ ಯಾರು, ಯಾವ ದಿನದೊಳಗೆ ಹೇಳಬೇಕು ಎಂದು ಬರೆಯಿರಿ. ಅದು ಬರುವವರೆಗೆ ಬಚ್ಚಲಿನ ಫರಸಿ ಕೀಳಲು ಬಿಡಬೇಡಿ.