ರೀಲ್ ನೋಡಿದ ಗಿರಾಕಿ ಗೂಗಲ್ ಲೆಕ್ಕಕ್ಕೆ: ಮಾರಾಟದ ನಿಜವಾದ ಮೂಲ ಪತ್ತೆ ಹಚ್ಚುವುದು ಹೇಗೆ?

ಸೋಮವಾರ ರಾತ್ರಿ ಒಬ್ಬರು ಮೊಬೈಲಿನಲ್ಲಿ ಇನ್‌ಸ್ಟಾಗ್ರಾಂ ನೋಡುತ್ತಿರುವಾಗ ಓದುವ ಮೇಜಿನ ದೀಪವೊಂದರ ಜಾಹೀರಾತು ಕಣ್ಣಿಗೆ ಬೀಳುತ್ತದೆ. ದೀಪ ಇಷ್ಟವಾದರೂ ಅವರು ಲಿಂಕ್ ಒತ್ತುವುದಿಲ್ಲ. ಗುರುವಾರ ಲ್ಯಾಪ್‌ಟಾಪ್ ಮುಂದೆ ಕೂತಾಗ ಆ ಬ್ರ್ಯಾಂಡ್ ಹೆಸರು ನೆನಪಾಗುತ್ತದೆ. ಗೂಗಲ್‌ನಲ್ಲಿ ಹುಡುಕಿ, ಮೊದಲು ಬಂದ ಫಲಿತಾಂಶ ತೆರೆದು ದೀಪ ಕೊಳ್ಳುತ್ತಾರೆ. ಗೂಗಲ್ ಅನಾಲಿಟಿಕ್ಸ್ ವರದಿಯಲ್ಲಿ ಈ ಆರ್ಡರ್ ಸೇರುವುದು Organic Search ಸಾಲಿಗೆ. ಅವರು ವಿಳಾಸವನ್ನೇ ನೇರವಾಗಿ ಟೈಪ್ ಮಾಡಿದ್ದರೆ Direct ಸಾಲಿಗೆ ಸೇರುತ್ತಿತ್ತು. ಜಾಹೀರಾತಿನ ಹೆಸರು ಎರಡರಲ್ಲೂ ಇಲ್ಲ.

ಅನಾಲಿಟಿಕ್ಸ್ ಇಲ್ಲಿ ತಪ್ಪು ಎಣಿಸಿಲ್ಲ. ವೆಬ್‌ಸೈಟಿಗೆ ಬಂದವರು ಕೊನೆಗೆ ಯಾವ ದಾರಿಯಿಂದ ಬಂದರು ಎಂಬುದಷ್ಟೇ ಅದಕ್ಕೆ ಕಾಣುತ್ತದೆ. ಬರುವ ಮೊದಲು ಏನು ನೋಡಿದ್ದರು ಎಂಬುದು ಕಾಣುವುದಿಲ್ಲ. ಲಿಂಕ್ ಒತ್ತಿದವರ ಜಾಡೂ ಹಲವು ಸಲ ತಪ್ಪುತ್ತದೆ. ಇನ್‌ಸ್ಟಾಗ್ರಾಂ ಲಿಂಕನ್ನು ತನ್ನೊಳಗಿನ ಬ್ರೌಸರಿನಲ್ಲೇ ತೆರೆಯುತ್ತದೆ. ಅದೇ ವ್ಯಕ್ತಿ ಆಮೇಲೆ ಕ್ರೋಮ್‌ನಲ್ಲಿ ಬಂದರೆ ಬಂದವರ ಗುರುತಿಗಾಗಿ ಬ್ರೌಸರಿನಲ್ಲಿ ಇಡುವ ಕುಕಿ ಬೇರೆಯಾದ್ದರಿಂದ ಹೊಸಬರಂತೆ ಲೆಕ್ಕಕ್ಕೆ ಬರುತ್ತಾರೆ. ಸಫಾರಿಯಲ್ಲಿ ಸ್ಕ್ರಿಪ್ಟ್ ಇಟ್ಟ ಕುಕಿ ಹೆಚ್ಚೆಂದರೆ 7 ದಿನ ಉಳಿಯುತ್ತದೆ.

ಇನ್ನೊಂದು ತುದಿಯಲ್ಲಿ ಇನ್‌ಸ್ಟಾಗ್ರಾಂನ ಒಡೆಯ ಕಂಪನಿ ಮೆಟಾದ ಜಾಹೀರಾತು ವರದಿ ಇದೆ. ಸಾಮಾನ್ಯ ಸೆಟ್ಟಿಂಗಿನಲ್ಲಿ ಅದು ಕ್ಲಿಕ್ ಆದ 7 ದಿನದೊಳಗಿನ ಖರೀದಿಯನ್ನೂ, ಬರೀ ನೋಡಿದ 1 ದಿನದೊಳಗಿನ ಖರೀದಿಯನ್ನೂ ತನ್ನ ಖಾತೆಗೆ ಹಾಕಿಕೊಳ್ಳುತ್ತದೆ. ಜಾಹೀರಾತು ಇಲ್ಲದಿದ್ದರೂ ಕೊಳ್ಳುತ್ತಿದ್ದವರು ಅದರಲ್ಲಿ ಸೇರಿರುತ್ತಾರೆ. ಒಂದು ವರದಿ ಕಡಿಮೆ ಹೇಳಿ, ಇನ್ನೊಂದು ಹೆಚ್ಚು ಹೇಳುವಾಗ ನಡುವಿನ ಸರಾಸರಿ ತೆಗೆದು ಸಮಾಧಾನಪಡಬೇಡಿ. ಆ ಸರಾಸರಿಗೆ ಯಾವ ಆಧಾರವೂ ಇಲ್ಲ.

ಮೊದಲು ಲಿಂಕ್ ಸರಿಪಡಿಸಿ

ನೀವು ಹಂಚುವ ಪ್ರತಿ ಲಿಂಕಿಗೂ, ಗಿರಾಕಿ ಎಲ್ಲಿಂದ ಬಂದರು ಎಂದು ಅನಾಲಿಟಿಕ್ಸ್‌ಗೆ ತಿಳಿಸುವ ಯುಟಿಎಂ ಗುರುತು ಇರಲಿ. ಪ್ರೊಫೈಲಿನ ಲಿಂಕಿಗೆ ಹೀಗೆ:

```
https://example.com/lamp?utm_source=instagram&utm_medium=social&utm_campaign=bio
```

ಹಣ ಕೊಟ್ಟ ಜಾಹೀರಾತಿಗೆ `utm_medium=paid_social` ಎಂದು ಹಾಕಿ. ಎಲ್ಲವೂ ಸಣ್ಣ ಅಕ್ಷರದಲ್ಲಿರಲಿ. `Instagram` ಮತ್ತು `instagram` ವರದಿಯಲ್ಲಿ ಎರಡು ಬೇರೆ ಮೂಲಗಳಾಗುತ್ತವೆ. ಆಮೇಲೆ ಫೋನಿನಲ್ಲಿ ನೀವೇ ಲಿಂಕ್ ಒತ್ತಿ, ಪುಟ ತೆರೆದ ಮೇಲೂ ವಿಳಾಸದಲ್ಲಿ ಆ ಗುರುತು ಉಳಿದಿದೆಯೇ ನೋಡಿ. ನಡುವೆ ಬೇರೆ ಪುಟಕ್ಕೆ ತಿರುಗಿಸುವಾಗ ಅದು ಉದುರಿಹೋಗುವುದುಂಟು. ಇಷ್ಟೆಲ್ಲ ಮಾಡಿದರೂ ಸಿಗುವುದು ಲಿಂಕ್ ಒತ್ತಿದವರ ಲೆಕ್ಕ ಮಾತ್ರ. ದೀಪ ಕೊಂಡವರು ಲಿಂಕನ್ನೇ ಒತ್ತಿರಲಿಲ್ಲ.

ಕೊಂಡವರನ್ನೇ ಕೇಳಿ

ಹಣ ಪಾವತಿಯಾದ ಮೇಲೆ ಬರುವ ಪುಟದಲ್ಲಿ ಒಂದೇ ಪ್ರಶ್ನೆ ಇಡಿ: "ನಮ್ಮ ಹೆಸರನ್ನು ಮೊಟ್ಟಮೊದಲು ಎಲ್ಲಿ ನೋಡಿದಿರಿ ಅಥವಾ ಕೇಳಿದಿರಿ?" "ಇಲ್ಲಿಗೆ ಹೇಗೆ ಬಂದಿರಿ?" ಎಂದು ಕೇಳಿದರೆ ಹೆಚ್ಚಿನವರು ಗೂಗಲ್ ಎನ್ನುತ್ತಾರೆ, ಅದು ನಿಮಗೆ ಆಗಲೇ ಗೊತ್ತಿರುವ ವಿಷಯ. ಆಯ್ಕೆಗಳ ಕ್ರಮ ಪ್ರತಿ ಸಲ ಬದಲಾಗಲಿ. ಇಲ್ಲವಾದರೆ ಮೇಲಿರುವುದಕ್ಕೇ ಹೆಚ್ಚು ಒತ್ತು ಬೀಳುತ್ತದೆ.

ಉತ್ತರವನ್ನು ಆರ್ಡರ್ ಸಂಖ್ಯೆಯ ಜೊತೆ ಉಳಿಸಿಕೊಳ್ಳಿ. ಅನಾಲಿಟಿಕ್ಸ್‌ನಲ್ಲಿ ಅದೇ ಸಂಖ್ಯೆ `transaction_id` ಆಗಿ ಹೋಗುತ್ತಿದ್ದರೆ ಎರಡನ್ನೂ ಒಂದು ಹಾಳೆಯಲ್ಲಿ ಜೋಡಿಸಬಹುದು. ಆಗ Direct ಎಂದು ಬಿದ್ದ ಆರ್ಡರುಗಳಲ್ಲಿ ಎಷ್ಟು ಮಂದಿ ಇನ್‌ಸ್ಟಾಗ್ರಾಂ ಎಂದಿದ್ದಾರೆ ಎಂಬುದು ಕಾಣುತ್ತದೆ. ನೆನಪು ಕೈಕೊಡುವುದರಿಂದ, ಎಲ್ಲರೂ ಉತ್ತರಿಸದಿರುವುದರಿಂದ ಇದನ್ನು ಪಕ್ಕಾ ಲೆಕ್ಕವೆನ್ನಲಾಗದು. ಆದರೆ ಎಲ್ಲಿ ಹುಡುಕಬೇಕು ಎಂಬುದನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ತೋರಿಸುವ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೆಲವು ಪ್ರದೇಶಗಳಲ್ಲಿ ಜಾಹೀರಾತು ನಿಲ್ಲಿಸಿ ನೋಡಿ

ನಂಬಬಹುದಾದ ಉತ್ತರ ಬೇಕಿದ್ದರೆ ಪರೀಕ್ಷೆಯನ್ನೇ ನಡೆಸಬೇಕು. ನೀವು ಮಾರುವ ಪ್ರದೇಶಗಳನ್ನು ಎರಡು ಗುಂಪು ಮಾಡಿ. ಹಿಂದಿನ ತಿಂಗಳುಗಳಲ್ಲಿ ಎರಡು ಗುಂಪಿನ ಮಾರಾಟವೂ ಹೆಚ್ಚುಕಡಿಮೆ ಒಟ್ಟಿಗೆ ಏರಿಳಿದಿರಬೇಕು. ನಾಲ್ಕು ವಾರ ಒಂದು ಗುಂಪಿನಲ್ಲಿ ಸೋಶಿಯಲ್ ಮೀಡಿಯಾ ಜಾಹೀರಾತು ನಿಲ್ಲಿಸಿ, ಇನ್ನೊಂದರಲ್ಲಿ ಇದ್ದ ಹಾಗೇ ಬಿಡಿ. ಆ ಅವಧಿಯಲ್ಲಿ ಬೆಲೆ, ರಿಯಾಯಿತಿ, ಗೂಗಲ್ ಜಾಹೀರಾತು ಯಾವುದನ್ನೂ ಮುಟ್ಟಬಾರದು. ಆರ್ಡರುಗಳನ್ನು ಎಣಿಸುವಾಗ ವಿತರಣಾ ವಿಳಾಸವನ್ನು ಹಿಡಿಯಿರಿ. ಇಂಟರ್‌ನೆಟ್ ಸಂಪರ್ಕದಿಂದ ಊಹಿಸಿದ ಸ್ಥಳ ಆಗಾಗ ತಪ್ಪಿರುತ್ತದೆ.

ಲೆಕ್ಕ ಹೇಗೆಂದು ಒಂದು ಕಾಲ್ಪನಿಕ ಉದಾಹರಣೆಯಲ್ಲಿ ನೋಡೋಣ. ಜಾಹೀರಾತು ಮುಂದುವರಿದ ಗುಂಪಿನಲ್ಲಿ ಪರೀಕ್ಷೆಗೆ ಮುಂಚಿನ ನಾಲ್ಕು ವಾರ 600 ಆರ್ಡರು, ಪರೀಕ್ಷೆಯ ನಾಲ್ಕು ವಾರ 630. ಅಂದರೆ ಮಾರುಕಟ್ಟೆ ತಾನಾಗಿ ಶೇ 5 ಏರಿದೆ. ನಿಲ್ಲಿಸಿದ ಗುಂಪಿನಲ್ಲಿ ಮುಂಚೆ 400 ಇತ್ತು. ಅಲ್ಲೂ ಅಷ್ಟೇ ಏರಿದ್ದರೆ 420 ಆಗಬೇಕಿತ್ತು, ಆದದ್ದು 330. ಕೊರತೆ 90.

ಈಗ ಆ 90 ಯಾವ ಸಾಲಿನಿಂದ ಹೋಯಿತು ಎಂದು ಅನಾಲಿಟಿಕ್ಸ್‌ನಲ್ಲಿ ನೋಡಿ. ಪ್ರತಿ ಸಾಲಿಗೂ ಇದೇ ಲೆಕ್ಕ ಹಾಕಿದಾಗ ಸೋಶಿಯಲ್ ಸಾಲಿನಲ್ಲಿ 25, ಗೂಗಲ್ ಹುಡುಕಾಟದಲ್ಲಿ 38, Direct ಸಾಲಿನಲ್ಲಿ 27 ಕಡಿಮೆಯಾಗಿದೆ ಎಂದುಕೊಳ್ಳಿ. ಜಾಹೀರಾತು ತಂದ ಆರ್ಡರುಗಳಲ್ಲಿ 65 ಬೇರೆಯವರ ಹೆಸರಿನಲ್ಲಿ ಕೂತಿದ್ದವು ಎಂದಾಯಿತು. ಗೂಗಲ್ ಹುಡುಕಾಟದ ಅಂಕಿಅಂಶ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಬ್ರ್ಯಾಂಡ್ ಹೆಸರಿನ ಹುಡುಕಾಟ ಪರೀಕ್ಷೆಯ ಅವಧಿಯಲ್ಲಿ ಇಳಿದಿದ್ದರೆ ಇದಕ್ಕೆ ಬಲ ಬರುತ್ತದೆ. ಆದರೆ ಅಲ್ಲಿ ದೇಶದ ಮಟ್ಟಕ್ಕಿಂತ ಕೆಳಗಿನ ವಿವರ ಸಿಗುವುದಿಲ್ಲ, ಹಾಗಾಗಿ ಇಳಿಕೆ ಮಸುಕಾಗಿಯೇ ಕಾಣಬಹುದು.

ಅದೇ ಗುಂಪಿನಲ್ಲಿ, ಜಾಹೀರಾತು ಓಡುತ್ತಿದ್ದ ಹಿಂದಿನ ನಾಲ್ಕು ವಾರಕ್ಕೆ ಮೆಟಾ ವರದಿ 150 ಆರ್ಡರು ತನ್ನದೆಂದು ಹೇಳಿತ್ತು ಎಂದಿಟ್ಟುಕೊಳ್ಳಿ. ಆಗ ಆ ಸಂಖ್ಯೆಯನ್ನು ಸುಮಾರು 0.6ರಿಂದ ಗುಣಿಸಿ ಓದಬೇಕು. ಅನಾಲಿಟಿಕ್ಸ್‌ನ 25ನ್ನು ಮೂರೂವರೆ ಪಟ್ಟಿಗಿಂತ ತುಸು ಹೆಚ್ಚಾಗಿ ಓದಬೇಕು. ಮುಂದಿನ ಪರೀಕ್ಷೆಯವರೆಗೆ ವಾರದ ವರದಿಗಳನ್ನು ಓದಲು ಈ ಅನುಪಾತಗಳು ಸಾಕು. ಜಾಹೀರಾತಿನ ಬಜೆಟ್ಟೋ ಸ್ವರೂಪವೋ ದೊಡ್ಡದಾಗಿ ಬದಲಾದರೆ ಅವು ಹಳತಾಗುತ್ತವೆ.

ಕೊರತೆ ನಿಜವೋ, ಆಕಸ್ಮಿಕವೋ?

ಬಹಳ ಮಂದಿ ಈ ಹೆಜ್ಜೆಯನ್ನೇ ಬಿಟ್ಟುಬಿಡುತ್ತಾರೆ. ಏನನ್ನೂ ನಿಲ್ಲಿಸದ ಹಿಂದಿನ ಅವಧಿಗಳನ್ನು ತೆಗೆದುಕೊಂಡು, ಅದೇ ಎರಡು ಗುಂಪುಗಳ ಮೇಲೆ ಅದೇ ಲೆಕ್ಕ ಹಾಕಿ. ಅಲ್ಲಿ ಕೊರತೆ ಸೊನ್ನೆಯ ಆಸುಪಾಸಿನಲ್ಲಿ ಬರಬೇಕು. 10, 15, 20ರಷ್ಟೇ ವ್ಯತ್ಯಾಸ ಬರುತ್ತಿದ್ದರೆ 90 ಎಂಬುದು ನಂಬುವಂಥದ್ದು. ಏನೂ ಮಾಡದಿದ್ದಾಗಲೂ 70, 80 ಬರುತ್ತಿದ್ದರೆ ನಿಮ್ಮ ಗುಂಪುಗಳು ಸರಿಹೊಂದಿಲ್ಲ, ಇಲ್ಲವೇ ಆರ್ಡರುಗಳೇ ಕಡಿಮೆ. ಆಗ ಪ್ರದೇಶಗಳನ್ನು ಮತ್ತೆ ಹಂಚಿ, ಅವಧಿಯನ್ನೂ ಹಿಗ್ಗಿಸಿ. ಅನುಪಾತ ತೆಗೆಯಲು ಹೋಗಬೇಡಿ.

ಜಾಹೀರಾತು ನಿಲ್ಲಿಸಿದ ಮೊದಲ ದಿನಗಳಲ್ಲಿ ಮಾರಾಟ ಇಳಿಯದಿರಬಹುದು, ಏಕೆಂದರೆ ಹಿಂದಿನ ವಾರ ನೋಡಿದವರು ಈಗ ಕೊಳ್ಳುತ್ತಿರುತ್ತಾರೆ. ಗಿರಾಕಿಗಳು ಯೋಚಿಸಿ ಕೊಳ್ಳಲು ಎಷ್ಟು ದಿನ ತೆಗೆದುಕೊಳ್ಳುತ್ತಾರೋ ಅಷ್ಟು ದಿನಗಳನ್ನು ಲೆಕ್ಕದಿಂದ ಹೊರಗಿಡಿ. ತಿಂಗಳುಗಟ್ಟಲೆ ಯೋಚಿಸಿ ಕೊಳ್ಳುವ ವಸ್ತುವಾದರೆ ನಾಲ್ಕು ವಾರದ ಪರೀಕ್ಷೆ ಏನನ್ನೂ ಹೇಳುವುದಿಲ್ಲ.

ನಿಮ್ಮ ಸಾಮಾನ್ಯ ಪೋಸ್ಟುಗಳಿಗೆ ಈ ವಿಧಾನ ಹೊಂದುವುದಿಲ್ಲ, ಅವು ಹರಡುವುದನ್ನು ಪ್ರದೇಶವಾರು ತಡೆಹಿಡಿಯಲು ಆಗುವುದಿಲ್ಲ. ಅವುಗಳಿಗೆ ಗಿರಾಕಿಗಳ ಉತ್ತರವೇ ಆಧಾರ. ಜೊತೆಗೆ, ಪೋಸ್ಟೊಂದು ಚೆನ್ನಾಗಿ ಓಡಿದ ಮೇಲಿನ ಎರಡು ಮೂರು ದಿನ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಹೆಸರಿನ ಹುಡುಕಾಟ ಏರಿತೇ ಎಂದು ದಿನಾಂಕ ಬರೆದಿಟ್ಟು ಹೋಲಿಸಿ.