ಮೇಲೆ ಕಲ್ಲು, ಕೆಳಗೆ ಹಲಸಿನ ಮೇಣ

ಕಳೆದ ಮಳೆಗಾಲದಲ್ಲಿ ಬದಿಯಡ್ಕದ ನನ್ನ ಕ್ಲಿನಿಕ್ಕಿಗೆ ಒಬ್ಬರು ಟೀಚರ್ ಬಂದರು. ಕೆಳಗಿನ ದವಡೆ ಹಲ್ಲಿನ ಹಿಂಬದಿಗೆ 14 ತಿಂಗಳ ಹಿಂದೆ ಕಾಂಪೋಸಿಟ್, ಅಂದರೆ ನೀಲಿ ಬೆಳಕು ಕೊಟ್ಟು ಗಟ್ಟಿ ಮಾಡುವ ಫಿಲ್ಲಿಂಗ್, ಹಾಕಿದವನು ನಾನೇ. "ಡಾಕ್ಟ್ರೇ, ತಣ್ಣೀರಿಗೆ ಜುಮ್ ಆಗ್ತದೆ. ಅನ್ನ ಸಿಕ್ಕಿಕೊಳ್ತದೆ" ಎಂದರು.

ಪ್ರೋಬಿನಿಂದ ಮೇಲೆ ಗೀರಿ ನೋಡಿದೆ. ಕಲ್ಲಿನ ಹಾಗೆ ಗಟ್ಟಿ. ಎಕ್ಸ್‌ರೇಯಲ್ಲಿ ಮಾತ್ರ ಒಸಡಿನ ಹತ್ತಿರ, ಫಿಲ್ಲಿಂಗ್ ಮುಗಿಯುವಲ್ಲಿ ಕಪ್ಪು ನೆರಳು. ಬಿಚ್ಚಲು ಹೊರಟೆ. ಮೇಲಿನ ಭಾಗ ಪುಡಿಪುಡಿಯಾಗಿ ಬಂತು. ಕೆಳಗೆ ಇಳಿದಂತೆ ಕೊರೆಯುವ ಬರ್ ಜಿಗುಟತೊಡಗಿತು. ತಳದಲ್ಲಿ ಪ್ರೋಬ್ ಒತ್ತಿದರೆ ಒಳಗೆ ಹೋಗುತ್ತದೆ, ಎಳೆದರೆ ಹಲಸಿನ ಮೇಣದ ಹಾಗೆ ಅಂಟಿಕೊಂಡು ಬರುತ್ತದೆ. ಅದರ ಅಡಿಯಲ್ಲೇ ಹೊಸ ಹುಳುಕು. ಅಷ್ಟು ದಿನ ಅಲ್ಲಿ ಇದ್ದದ್ದು ಅರ್ಧ ಬೆಂದ ಫಿಲ್ಲಿಂಗ್. ಅಂಚು ಹಲ್ಲಿಗೆ ಕಚ್ಚಿಕೊಂಡಿರಲಿಲ್ಲ, ಎಂಜಲು ಮತ್ತು ಕ್ರಿಮಿಗಳು ಆ ಸಂದಿಯಲ್ಲಿ ದಾರಿ ಮಾಡಿಕೊಂಡಿದ್ದವು.

ನನ್ನ ಲೈಟ್ ಸರಿಯಾಗಿಯೇ ಉರಿಯುತ್ತಿತ್ತಲ್ಲ? ನೀಲಿ ಬೆಳಕು ಕಣ್ಣು ಕುಕ್ಕುತ್ತಿತ್ತು. ಆದರೆ ಕಣ್ಣಿಗೆ ಎಷ್ಟು ಕುಕ್ಕಿದರೂ ತಳಕ್ಕೆ ಎಷ್ಟು ಮುಟ್ಟಿತು ಅಂತ ಗೊತ್ತಾಗುವುದಿಲ್ಲ. ಕಾಂಪೋಸಿಟಿನೊಳಗಿನ ಗಾಜಿನ ಕಣಗಳು ಬೆಳಕನ್ನು ಚೆದುರಿಸುತ್ತವೆ, ಬಣ್ಣ ಗಾಢವಾದಷ್ಟೂ ಇನ್ನಷ್ಟು ನುಂಗುತ್ತದೆ. ಟೀಚರಿಗೆ ಹಾಕಿದ್ದು A3.5 ಎಂಬ ಬಣ್ಣ, ಸಾಕಷ್ಟು ಗಾಢವೇ.

ಹಾಗಾಗಿ ಅಳೆದೇ ನೋಡೋಣ ಅಂತ ಕಾಸರಗೋಡಿನ ಒಬ್ಬ ಲೇತ್‌ನವರ ಹತ್ತಿರ 8 ಮಿ.ಮೀ. ದಪ್ಪದ ಸ್ಟೀಲ್ ತುಂಡಿನಲ್ಲಿ 4 ಮಿ.ಮೀ. ಅಗಲದ ತೂತು ಕೊರೆಸಿಕೊಂಡು ಬಂದೆ. ಇಂಥ ಫಿಲ್ಲಿಂಗುಗಳ ಅಂತರರಾಷ್ಟ್ರೀಯ ಮಾನದಂಡ ISO 4049 ಹೇಳುವ ವಿಧಾನದ ನಾಟಿ ರೂಪ ಅಂದುಕೊಳ್ಳಿ. ತೂತಿಗೆ ಅದೇ ಸಿರಿಂಜಿನ ಕಾಂಪೋಸಿಟ್ ತುಂಬಿಸಿ, ಎರಡೂ ಕಡೆ ಪಾರದರ್ಶಕ ಸ್ಟ್ರಿಪ್ ಒತ್ತಿ, ಮೇಲಿಂದ 20 ಸೆಕೆಂಡ್ ಬೆಳಕು ಕೊಟ್ಟೆ. ಕೂಡಲೇ ಹೊರಗೆ ತಳ್ಳಿ, ಕೆಳಗಿನ ಮೆತ್ತನೆಯ ಭಾಗವನ್ನು ಪ್ಲಾಸ್ಟಿಕ್ ಚಮಚದಿಂದ ಕೆರೆದು ತೆಗೆದೆ. ಉಳಿದ ಗಟ್ಟಿ ತುಂಡನ್ನು ವರ್ನಿಯರ್‌ನಲ್ಲಿ ಅಳೆದರೆ 2.8 ಮಿ.ಮೀ. ಅದರ ಅರ್ಧ, ಅಂದರೆ 1.4 ಮಿ.ಮೀ., ನಂಬಬಹುದಾದ ಆಳ. ಅರ್ಧ ಮಾಡುವುದು ಸುಮ್ನೆ ಅಲ್ಲ. ಕೆರೆಸಿಕೊಳ್ಳದೆ ಉಳಿದದ್ದೆಲ್ಲ ಪೂರ್ತಿ ಬೆಂದದ್ದಲ್ಲ, ಕೆಳತುದಿ ಗಟ್ಟಿಯಾಗಿ ಕಂಡರೂ ಒಳಗೆ ಹಸಿಯೇ ಇರುತ್ತದೆ. ಮಾಮೂಲಿ ಕಾಂಪೋಸಿಟಿಗೆ ಕನಿಷ್ಠ 1.5 ಬೇಕು. ನಾನು ಹಾಕುತ್ತಿದ್ದದ್ದು 2 ಮಿ.ಮೀ. ಪದರ!

ಅದೂ ಲೈಟಿನ ತುದಿ ಅಂಟಿಸಿ ಹಿಡಿದಾಗ. ಬಾಯಲ್ಲಿ ತುದಿ ಹಲ್ಲಿನ ಉಬ್ಬುಗಳ ಮೇಲೆ ನಿಲ್ಲುತ್ತದೆ, ಬಾಕ್ಸಿನ, ಅಂದರೆ ಫಿಲ್ಲಿಂಗಿಗಾಗಿ ಹಲ್ಲಿನ ಬದಿಯಲ್ಲಿ ಕೊರೆದ ಕುಳಿಯ, ತಳ ಅಲ್ಲಿಂದ 6-7 ಮಿ.ಮೀ. ಕೆಳಗೆ. ಎರಡು ಕಡೆ ಮೇಣದ ಕಟ್ಟೆ ಕಟ್ಟಿ 6 ಮಿ.ಮೀ. ದೂರದಿಂದ ಮತ್ತೆ ಮಾಡಿದೆ. ಅರ್ಧ ಮಾಡಿದ ಮೇಲೆ ಸಿಕ್ಕಿದ್ದು ಬರೀ 0.9.

ಆಮೇಲೆ ಲೈಟಿನ ತುದಿಯನ್ನು ಲೂಪ್ ಎಂಬ ಭೂತಗನ್ನಡಿ ಹಾಕಿ ನೋಡಿದೆ. ಹಳೆಯ ಕಾಂಪೋಸಿಟಿನ ಒಂದು ಚೂರು ಅಂಟಿ ಅಲ್ಲೇ ಗಟ್ಟಿಯಾಗಿತ್ತು, ಮುಖದ ಕಾಲುಭಾಗದಷ್ಟು. ಸ್ಕೇಲರಿಂದ ಕೆತ್ತದೆ, ಪ್ಲಾಸ್ಟಿಕ್ ಉಪಕರಣದಿಂದ ನಿಧಾನಕ್ಕೆ ಎಬ್ಬಿಸಿದೆ. ಮತ್ತೆ ಪರೀಕ್ಷೆ: ಅಂಟಿಸಿ ಹಿಡಿದರೆ 2.0. 6 ಮಿ.ಮೀ. ದೂರದಿಂದ 20 ಸೆಕೆಂಡಿಗೆ 1.5, 40 ಸೆಕೆಂಡಿಗೆ 1.8. ಇವು ನನ್ನ ಲೈಟಿನ, ನನ್ನ ಸಿರಿಂಜಿನ ಲೆಕ್ಕ. ನಿಮ್ಮದು ಬೇರೆ ಇರಬಹುದು.

ಇನ್ನೊಂದು ತಪ್ಪು ಒಪ್ಪಿಕೊಳ್ಳಲು ಸ್ವಲ್ಪ ಮುಜುಗರ. ಲೈಟ್ ಹಿಡಿಯುತ್ತಿದ್ದದ್ದು ಸಹಾಯಕಿ. ಕಿತ್ತಳೆ ಬಣ್ಣದ ಕನ್ನಡಕ ಒಂದೇ ಇತ್ತು, ಅದು ನನ್ನ ಮೂಗಿನ ಮೇಲೆ. ಪಾಪ, ಅವಳು ಮುಖ ತಿರುಗಿಸಿಕೊಂಡು ಹಿಡಿಯುತ್ತಿದ್ದಳು. ಮುಖ ತಿರುಗಿದರೆ ತುದಿಯೂ ಓರೆಯಾಗುತ್ತದೆ, ಅಲ್ವಾ? ಈಗ ಅವಳಿಗೂ ಒಂದು ಕನ್ನಡಕ ಇದೆ. ಬಾಕ್ಸಿನ ತಳದ ಪದರಕ್ಕೆ ಮಾತ್ರ ನಾನೇ ಹಿಡಿಯುತ್ತೇನೆ, ನೇರ ಕೆಳಮುಖವಾಗಿ.

ಟೀಚರ ಹಲ್ಲಿಗೆ ಈ ಸಲ ತಳದಲ್ಲಿ 1 ಮಿ.ಮೀ. ಪದರ ಹಾಕಿ 40 ಸೆಕೆಂಡ್ ಕೊಟ್ಟೆ. ನರ ಹತ್ತಿರವಿತ್ತು, ಜಾಸ್ತಿ ಹೊತ್ತು ಕೊಟ್ಟರೆ ಬಿಸಿ ಏರುತ್ತದೆ. ಅದಕ್ಕೆ 20 ಆದ ಮೇಲೆ ಸ್ವಲ್ಪ ಬಿಟ್ಟು, ಗಾಳಿ ಊದಿ, ಉಳಿದ 20 ಕೊಟ್ಟೆ. ಹಲ್ಲಿನ ಸುತ್ತ ಕಟ್ಟಿದ ಸ್ಟೀಲ್ ಬ್ಯಾಂಡ್ ಇರುವಾಗ ಬದಿಯಿಂದ ಬೆಳಕು ಹೋಗುವುದಿಲ್ಲ. ಹಾಗಾಗಿ ಬ್ಯಾಂಡ್ ತೆಗೆದ ಮೇಲೆ ಕೆನ್ನೆ ಕಡೆಯಿಂದ, ನಾಲಗೆ ಕಡೆಯಿಂದ ತಲಾ 20 ಸೆಕೆಂಡ್.

ಬೆಳಕಿನ ತೀವ್ರತೆ ಅಳೆಯುವ ರೇಡಿಯೋಮೀಟರ್ ಕೂಡ ತಗೊಂಡೆ. ಅಗ್ಗದ್ದು, ಅದರ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಅದೇ ಲೈಟ್ ಹೋದ ವಾರಕ್ಕಿಂತ ಇಳಿದಿದೆಯಾ ಅಂತ ನೋಡಲು ಸಾಕು. ತಿಂಗಳಿಗೊಮ್ಮೆ ಸ್ಟೀಲ್ ತುಂಡಿನ ಪರೀಕ್ಷೆ ಮಾಡಿ, ಉಳಿದ ತುಂಡನ್ನು ತಾರೀಕು ಬರೆದ ಪೊಟ್ಟಣದಲ್ಲಿ ಇಡುತ್ತೇನೆ. ಮೊನ್ನೆ ಅಂಟಿಸಿ ಹಿಡಿದಾಗಲೂ 1.6ಕ್ಕೆ ಇಳಿದಿತ್ತು. ಹುಡುಕಿದರೆ, ಲೈಟಿಗೆ ಹಾಕುವ ಪ್ಲಾಸ್ಟಿಕ್ ಕವರಿನ ಹೊಲಿಗೆ ಸರಿಯಾಗಿ ತುದಿಯ ಮೇಲೆ ಬಂದು ಕೂತಿತ್ತು.