ಮೊಂಡು ಚಾಕುವಿಗೇ ಜಾಸ್ತಿ ಹೆದರಬೇಕು

ನನ್ನ ಎಡಗೈ ತೋರುಬೆರಳಿನ ಉಗುರಿನ ಪಕ್ಕ ಒಂದು ಸಣ್ಣ ಗಾಯದ ಗುರುತಿದೆ. ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಎರಡು ವರ್ಷದಿಂದ ಸಾಣೆ ಕಾಣದ ಚಾಕು. ಸಿಪ್ಪೆ ಬಿಡಿಸಿದ ಈರುಳ್ಳಿಯ ನುಣುಪಾದ ಬೆನ್ನಿನ ಮೇಲೆ ಅದು ಕೂರಲಿಲ್ಲ. ಇನ್ನೊಂದಿಷ್ಟು ಒತ್ತಿದೆ. ಸರ್ರನೆ ಜಾರಿ ಬೆರಳಿಗೆ ಬಂತು. ಟೊಮೇಟೊ ಸಿಪ್ಪೆಯನ್ನೇ ಸರಿಯಾಗಿ ಸೀಳಲಾಗದ ಚಾಕು ಬೆರಳನ್ನು ಹೇಗೆ ಕೊಯ್ದಿತು ಅಂತ ಆಗ ಆಶ್ಚರ್ಯವಾಗಿತ್ತು.

ಕಾರಣ ಸರಳ. ಹರಿತವಾದ ಅಲಗು ತರಕಾರಿಗೆ ತಾಗಿದ ಕೂಡಲೇ ಸಿಪ್ಪೆಯೊಳಗೆ ಇಳಿಯುತ್ತದೆ. ಇಳಿದ ಮೇಲೆ ಆ ಸೀಳೇ ಅದನ್ನು ಹಿಡಿದುಕೊಳ್ಳುತ್ತದೆ, ಪಕ್ಕಕ್ಕೆ ಜಾರಲು ಬಿಡುವುದಿಲ್ಲ. ಮೊಂಡು ಅಲಗು ಮೇಲೆಯೇ ನಿಲ್ಲುತ್ತದೆ. ಅದನ್ನು ಒಳಗಿಳಿಸಲು ನಾವು ತೋಳಿನ ಬಲ ಹಾಕುತ್ತೇವೆ. ಸಿಪ್ಪೆ ತಟಕ್ಕನೆ ಬಿಟ್ಟುಕೊಟ್ಟಾಗ ಅಥವಾ ಚಾಕು ಜಾರಿದಾಗ ಆ ಬಲವನ್ನೆಲ್ಲ ತಡೆದು ನಿಲ್ಲಿಸಲು ಸಮಯವೇ ಇರುವುದಿಲ್ಲ. ಅಷ್ಟು ಜೋರಿಗೆ ಎಂಥ ಮೊಂಡು ಚಾಕುವೂ ಬೆರಳು ಕೊಯ್ಯುತ್ತದೆ. ಗಾಯವೂ ನೇರವಾಗಿ ಸೀಳದೆ ಹರಿದಂತೆ ಆಗುತ್ತದೆ. ಹರಿತವಾದ ಚಾಕುವೂ ಕೊಯ್ಯುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಅದು ನಾವು ಇಟ್ಟ ಕಡೆ ಹೋಗುತ್ತದೆ.

ನಿಮ್ಮ ಚಾಕು ಮೊಂಡಾಗಿದೆಯಾ ಎಂದು ನೋಡಲು ಹೆಬ್ಬೆರಳನ್ನು ಅಲಗಿನುದ್ದಕ್ಕೆ ಸವರಬೇಡಿ. ಹಣ್ಣಾದ ಟೊಮೇಟೊ ಮೇಲೆ ಚಾಕು ಇಟ್ಟು, ಒತ್ತದೆ, ಸುಮ್ನೆ ಹಿಂದಕ್ಕೆ ಎಳೆಯಿರಿ. ಸಿಪ್ಪೆ ಸೀಳಿದರೆ ಸರಿ. ತಗ್ಗು ಬಿದ್ದು ಜಾರಿದರೆ ಈರುಳ್ಳಿಗೆ ಕೈ ಹಾಕುವ ಮೊದಲು ಸಾಣೆ ಹಿಡಿಯಿರಿ. ಈರುಳ್ಳಿ ಹೆಚ್ಚುವಾಗ ಧಾರಾಕಾರ ಕಣ್ಣೀರು ಬರುವುದೂ ಒಂದು ಸೂಚನೆ. ಕಣ್ಣುರಿಸುವ ಅನಿಲ ಹುಟ್ಟುವುದು ಈರುಳ್ಳಿಯ ಜೀವಕೋಶ ಒಡೆದಾಗ. ಮೊಂಡು ಅಲಗು ಕೊಯ್ಯುವುದಕ್ಕಿಂತ ಜಜ್ಜುವುದೇ ಹೆಚ್ಚು, ಹಾಗಾಗಿ ಕೋಶಗಳೂ ಹೆಚ್ಚು ಒಡೆಯುತ್ತವೆ.

ಇನ್ನು ಹಿಡಿತ. ಅಜ್ಜಿಯ ಈಳಿಗೆ ಮಣೆಯಲ್ಲಿ ಅಲಗು ಅಲುಗಾಡದೆ ನಿಂತಿರುತ್ತಿತ್ತು, ತರಕಾರಿಯೇ ಅಲಗಿನ ಹತ್ತಿರ ಹೋಗುತ್ತಿತ್ತು. ಚಾಕುವಿನಲ್ಲಿ ಇದು ಉಲ್ಟಾ. ಅಲಗೇ ಕೈಯ ಕಡೆಗೆ ಬರುತ್ತದೆ. ಹಾಗಾಗಿ ತರಕಾರಿ ಹಿಡಿದ ಕೈಯ ಬೆರಳ ತುದಿಗಳನ್ನು ಒಳಗೆ ಮಡಚಿ, ಹೆಬ್ಬೆರಳನ್ನು ಅವುಗಳ ಹಿಂದೆ ಇಡಿ. ಚಾಕುವಿನ ಪಕ್ಕೆ ನಿಮ್ಮ ನಡುಬೆರಳಿನ ಗೆಣ್ಣಿಗೆ ಒರಗಿ ಏರಿಳಿಯಲಿ. ಅಲಗನ್ನು ಗೆಣ್ಣಿಗಿಂತ ಮೇಲಕ್ಕೆ ಎತ್ತದಿದ್ದರೆ ಬೆರಳ ತುದಿ ಅದಕ್ಕೆ ಸಿಗುವುದಿಲ್ಲ. ಈರುಳ್ಳಿಯನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನ ಕಡೆಗೆ ಕೊಯ್ಯುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಅದನ್ನು ಬಿಡಿ. ತರಕಾರಿಯನ್ನು ಹೆಚ್ಚುವ ಮಣೆಯ ಮೇಲಿಡಿ. ಮಣೆಯ ಕೆಳಗೆ ಒದ್ದೆ ಬಟ್ಟೆ ಹಾಸಿ, ಮಣೆ ಜಾರುವುದಿಲ್ಲ.

ಈಗ ಈರುಳ್ಳಿ. ತುದಿಯ ಕಡೆ ಸ್ವಲ್ಪ ಕತ್ತರಿಸಿ ತೆಗೆಯಿರಿ. ಬೇರಿನ ಕಡೆ ಗಡ್ಡವನ್ನಷ್ಟೇ ಸವರಿ, ಬುಡವನ್ನು ಹಾಗೇ ಬಿಡಿ. ಈರುಳ್ಳಿಯ ಪದರಗಳನ್ನೆಲ್ಲ ಒಟ್ಟಿಗೆ ಹಿಡಿದಿರುವುದು ಅದೇ. ಬುಡದ ನಡುವಿನಿಂದ ಹಾದುಹೋಗುವಂತೆ ಎರಡು ಹೋಳು ಮಾಡಿ, ಆಮೇಲೆ ಸಿಪ್ಪೆ ಸುಲಿಯಿರಿ. ಹೋಳನ್ನು ಚಪ್ಪಟೆ ಮೈ ಕೆಳಗೆ ಬರುವಂತೆ ಮಣೆಯ ಮೇಲೆ ಕೂರಿಸಿ. ಇನ್ನು ಅದು ಉರುಳುವುದಿಲ್ಲ, ಅರ್ಧ ಅಪಾಯ ಅಲ್ಲಿಗೇ ಕಳೆಯಿತು.

ಸಣ್ಣಗೆ ಹೆಚ್ಚಬೇಕಾದರೆ ತುದಿಯಿಂದ ಬುಡದ ಕಡೆಗೆ ಅರ್ಧ ಸೆಂಟಿಮೀಟರ್ ಅಂತರದಲ್ಲಿ ಮಣೆ ಮುಟ್ಟುವಂತೆ ಸೀಳುತ್ತಾ ಹೋಗಿ. ಬುಡ ತಲುಪುವ ಮುಂಚೆ ನಿಲ್ಲಿಸಿ. ಅಂಚಿಗೆ ಬಂದಂತೆ ಚಾಕುವನ್ನು ಹೋಳಿನ ನಡುವಿನ ಕಡೆಗೆ ಕೊಂಚ ಓರೆ ಮಾಡಿ. ಆಮೇಲೆ ಹೋಳನ್ನು ತಿರುಗಿಸಿ ಅಡ್ಡಡ್ಡ ಹೆಚ್ಚಿದರೆ ಚೂರುಗಳು ತಾವಾಗಿಯೇ ಉದುರುತ್ತವೆ. ಅಡುಗೆ ಕಲಿಸುವ ವಿಡಿಯೋಗಳಲ್ಲಿ ಚಾಕುವನ್ನು ಮಲಗಿಸಿ, ಅಂಗೈ ಕಡೆಗೆ ಒಂದೆರಡು ಸೀಳು ಹಾಕುವುದನ್ನೂ ತೋರಿಸುತ್ತಾರೆ. ನಾನು ಅದನ್ನು ಮಾಡುವುದಿಲ್ಲ. ಈರುಳ್ಳಿಯಲ್ಲಿ ಪದರಗಳು ಹೇಗೂ ಇವೆ, ಕೈಯನ್ನು ಅಲಗಿನ ದಾರಿಯಲ್ಲಿ ಇಡುವ ಅಗತ್ಯವೇ ಇಲ್ಲ.

ಉದ್ದುದ್ದ ಬೇಕಾದರೆ ಅಡ್ಡ ಹೆಚ್ಚುವ ಕೆಲಸ ಬಿಟ್ಟರಾಯಿತು. ಬುಡ ತೆಗೆದು, ತುದಿಯಿಂದ ಬುಡದವರೆಗೆ ಸೀಳಿದ ಎಸಳುಗಳು ಬೆಂದರೂ ಆಕಾರ ಬಿಡುವುದಿಲ್ಲ. ಪಲ್ಯಕ್ಕೆ, ಬಿರಿಯಾನಿಗೆ, ಪಕೋಡಕ್ಕೆ ಇದು. ಅಡ್ಡ ಕೊಯ್ದ ಅರೆಬಳೆಗಳು ಬೇಗ ಮೆತ್ತಗಾಗುತ್ತವೆ, ಅವು ಗೊಜ್ಜಿಗೆ, ಸಾಗುವಿಗೆ ಒಳ್ಳೆಯವು.

ಸೋರೆ, ಹೀರೆ, ಬೂದುಗುಂಬಳಗಳದ್ದು ಬೇರೆ ಕಥೆ. ಇವೆಲ್ಲ ದುಂಡಗಿವೆ, ಉರುಳುತ್ತವೆ. ಮೊದಲ ಕೆಲಸ ಯಾವಾಗಲೂ ಒಂದು ಚಪ್ಪಟೆ ಮೈ ಮಾಡಿಕೊಳ್ಳುವುದು. ಸೋರೆಕಾಯಿಯ ಎರಡೂ ತುದಿ ತೆಗೆದು, ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಉಗಿದು, ಕಾಯನ್ನು ಪೂರ್ತಿ ಎಸೆಯಿರಿ. ಆ ಕಹಿ ವಿಷ, ಬೇಯಿಸಿದರೂ ಹೋಗುವುದಿಲ್ಲ. ಕಹಿ ಇಲ್ಲದಿದ್ದರೆ ಅಂಗೈ ಉದ್ದದ ತುಂಡು ಮಾಡಿ, ತುಂಡನ್ನು ನಿಲ್ಲಿಸಿ ಎರಡಾಗಿ ಸೀಳಿ. ಸೀಳಿದ ಮೈ ಕೆಳಗೆ ಮಾಡಿ ಹೆಚ್ಚಿ. ಹೀರೆಕಾಯಿಗೂ ಇದೇ ದಾರಿ, ಮೊದಲು ಏಣುಗಳನ್ನು ಹೆರೆಯಬೇಕು ಅಷ್ಟೆ. ಆ ಸಿಪ್ಪೆ ಚಟ್ನಿಗೆ ಎತ್ತಿಡಿ.

ಬೂದುಗುಂಬಳದಲ್ಲೇ ಮೊಂಡು ಚಾಕು ನಿಜವಾದ ತೊಂದರೆ ಕೊಡುವುದು. ಸಿಪ್ಪೆ ಗಟ್ಟಿ, ಮೇಲೆ ಬೂದಿ ಬೇರೆ. ಮೊದಲು ಬೂದಿಯನ್ನು ಒರೆಸಿ, ಇಲ್ಲದಿದ್ದರೆ ಕೈ ಜಾರುತ್ತದೆ. ಕಾಯಿಯ ಮಧ್ಯಕ್ಕೆ ಚಾಕುವಿನ ತುದಿ ಚುಚ್ಚಿ, ಹಿಡಿಯನ್ನು ನಿಧಾನವಾಗಿ ಕೆಳಗಿಳಿಸಿ ಒಂದು ಪಕ್ಕ ಸೀಳಿ. ಕಾಯಿ ತಿರುಗಿಸಿ ಇನ್ನೊಂದು ಪಕ್ಕ ಸೀಳಿ. ಚಾಕು ಸಿಕ್ಕಿಕೊಂಡರೆ ಅಲ್ಲಾಡಿಸಿ ಕೀಳಬೇಡಿ, ಕಾಯನ್ನು ಗಟ್ಟಿಯಾಗಿ ಹಿಡಿದು ಹೋದ ದಾರಿಯಲ್ಲೇ ಹಿಂದಕ್ಕೆ ತೆಗೆಯಿರಿ. ತಿರುಳು, ಬೀಜ ತೆಗೆದು ಎರಡು ಬೆರಳಗಲದ ಪಟ್ಟಿಗಳಾಗಿ ಸೀಳಿದ ಮೇಲೆ ಸಿಪ್ಪೆ ಹೆರೆಯುವುದು ಸುಲಭ. ಮಜ್ಜಿಗೆಹುಳಿಗೆ ಒಂದು ಅಂಗುಲದ ಹೋಳು ಸಾಕು. ಎಲ್ಲ ಒಂದೇ ಗಾತ್ರ ಇರಲಿ, ಇಲ್ಲದಿದ್ದರೆ ಚಿಕ್ಕವು ಕರಗಿ, ದೊಡ್ಡವು ನಡುವೆ ಬೇಯದೆ ಉಳಿಯುತ್ತವೆ.

ಚಾಕು ಮೊಂಡಾಗುವುದು ತರಕಾರಿಯಿಂದಲ್ಲ. ನಾವು ಅದನ್ನು ಸ್ಟೀಲ್ ತಟ್ಟೆ ಮೇಲೆ, ಗ್ರಾನೈಟ್ ಕಟ್ಟೆ ಮೇಲೆ ಓಡಿಸುತ್ತೇವೆ, ಪಾತ್ರೆ ರಾಶಿಯಲ್ಲಿ ಹಾಕುತ್ತೇವೆ. ಮರದ ಮಣೆ ಬಳಸಿದರೆ ಸಾಣೆಯ ಕೆಲಸ ಬಹಳ ಕಡಿಮೆಯಾಗುತ್ತದೆ.

ಸಾಣೆ ಹಿಡಿಯುವವರು ಈಗ ಎಲ್ಲ ಬೀದಿಗೂ ಬರುವುದಿಲ್ಲ. ಮನೆಯಲ್ಲಿ ಮಧ್ಯಮ ನುಣುಪಿನ, ಅಂದರೆ 1000 ಗ್ರಿಟ್‌ನ ಸಾಣೆಕಲ್ಲು ಇದ್ದರೆ ಸಾಕು. ನೀರು ಹೀರುವ ಕಲ್ಲಾದರೆ 10 ನಿಮಿಷ ನೆನೆಸಿ. ಅಲಗನ್ನು ಕಲ್ಲಿನ ಮೇಲಿಟ್ಟು, ಬೆನ್ನಿನ ಕಡೆ ಕಿರುಬೆರಳ ತುದಿ ತೂರುವಷ್ಟು ಮೇಲೆತ್ತಿ, ಅದೇ ಓರೆಯಲ್ಲಿ ಹಿಂದೆ ಮುಂದೆ ಉಜ್ಜಿ. ಕಲ್ಲಿಗೆ ತಾಗದ ಮೇಲಿನ ಮೈಯ ಅಂಚಿನಲ್ಲಿ ಲೋಹದ ತೆಳುವಾದ ಒರಟು ಏಳುವವರೆಗೆ ಉಜ್ಜಬೇಕು. ಬೆರಳನ್ನು ಬೆನ್ನಿನಿಂದ ಅಂಚಿನ ಹೊರಗೆ ಸವರಿದರೆ ಅದು ತಗಲುತ್ತದೆ. ಆಮೇಲೆ ಚಾಕು ಮಗುಚಿ ಅಷ್ಟೇ ಮಾಡಿ, ಕೊನೆಗೆ ಹಗುರವಾಗಿ ಒಂದೊಂದು ಸಲ ಎರಡೂ ಕಡೆ ಎಳೆದು ಆ ಒರಟನ್ನು ತೆಗೆಯಿರಿ. ಕಲ್ಲಿಲ್ಲವೇ? ಪಿಂಗಾಣಿ ಕಪ್ಪನ್ನು ಮಗುಚಿದರೆ ತಳದಲ್ಲಿ ಹೊಳಪಿಲ್ಲದ ಒರಟು ಬಳೆ ಕಾಣುತ್ತದೆ. ಅವತ್ತಿನ ಅಡುಗೆಗೆ ಅದೂ ನಡೆಯುತ್ತದೆ. ಗರಗಸದ ಹಲ್ಲಿನ ಚಾಕುವಿಗೆ ಮಾತ್ರ ಇದ್ಯಾವುದೂ ಆಗದು.

ಸಾಣೆ ಹಿಡಿದ ದಿನ ಒಂದು ಎಚ್ಚರ. ಚಾಕು ಬದಲಾಗಿದೆ, ಕೈಯ ಅಭ್ಯಾಸ ಬದಲಾಗಿಲ್ಲ. ಅದು ಇನ್ನೂ ಹಳೇ ಬಲದಲ್ಲೇ ಒತ್ತುತ್ತದೆ. ಅವತ್ತು ಬೂದುಗುಂಬಳ ಬೇಡ, ಎಳೆ ಹೀರೆಕಾಯಿ ಹೆಚ್ಚಿ.